C₁₀H₁₆ ಲೆಕ್ಕದಲ್ಲಿ 3 ಬಂದರೆ ಮೂರು ಡಬಲ್ ಬಾಂಡ್ ಅಂತಲೇ ಅರ್ಥವೇ?

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಲ್ಲಿ ಬಿ.ಎಸ್ಸಿ. ಕೊನೇ ವರ್ಷ ಓದ್ತಿದ್ದೀನಿ. ಲ್ಯಾಬಿನಲ್ಲಿ ಕಿತ್ತಳೆ ಸಿಪ್ಪೆಗೆ ಹಬೆ ಹಾಯಿಸಿ ಎಣ್ಣೆ ತೆಗೆದೆವು. ಅದರ ಮುಖ್ಯ ವಸ್ತುವಿನ ಅಣುಸೂತ್ರ C₁₀H₁₆ ಅಂತ ಕೊಟ್ಟರು. ಅನ್‌ಸ್ಯಾಚುರೇಷನ್ ಲೆಕ್ಕ ಹಾಕಿದಾಗ 3 ಬಂತು. ಮೂರು ಡಬಲ್ ಬಾಂಡ್ ಇರೋ ಸರಪಳಿ ಬರೆದೆ, ತಪ್ಪು ಅಂದರು. ಇದು ಎರಡೇ ಮೋಲ್ ಹೈಡ್ರೋಜನ್ ಹಿಡಿಯುತ್ತಂತೆ. ನನ್ನ ಗೆಳತಿ C₅H₈ ಅಂತ ಚಿಕ್ಕದು ಮಾಡಿ ಲೆಕ್ಕ ಹಾಕಿದಳು, 2 ಬಂತು, ಅದೇ ಸರಿ ಅಂತಾಳೆ. ಇದರಲ್ಲಿ ಯಾವುದು ಸರಿ? ಇನ್ನೊಂದು ಡೌಟು: ಆಕ್ಸಿಜನ್ ಯಾಕೆ ಬಿಡ್ತೀವಿ, ನೈಟ್ರೋಜನ್ ಯಾಕೆ ಕೂಡಿಸ್ತೀವಿ? 4 ಬಂದರೆ ಬೆಂಜೀನ್ ಅಂತ ಬರೆದುಬಿಡಬಹುದಾ?

ಉತ್ತರ: ನಿಮ್ಮ 3 ಸರಿಯಾಗಿದೆ. ನೀವು ಬರೆದ ಚಿತ್ರವೂ ಅಸಾಧ್ಯವಾದದ್ದಲ್ಲ. ಮೂರು ಡಬಲ್ ಬಾಂಡ್ ಇರುವ, ಉಂಗುರವೇ ಇಲ್ಲದ C₁₀H₁₆ ನಿಜವಾಗಿಯೂ ಇದೆ. ಅದರ ಹೆಸರು ಮಿರ್ಸೀನ್. ಬಿಯರಿಗೆ ಹಾಕುವ ಹಾಪ್ಸ್ ಹೂವಿನಲ್ಲಿ ಅದು ಧಾರಾಳವಾಗಿ ಸಿಗುತ್ತದೆ. ಆದರೆ ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ಶೇ. 90ಕ್ಕಿಂತ ಜಾಸ್ತಿ ಇರುವುದು ಲಿಮೊನೀನ್. ಅದರಲ್ಲಿ ಡಬಲ್ ಬಾಂಡ್ ಎರಡು, ಉಂಗುರ ಒಂದು. ಕೂಡಿದರೆ ಅದೂ 3.

ನಿಮ್ಮ ಗೆಳತಿಗೆ ಬಂದ 2 ಮಾತ್ರ ತಪ್ಪು. ಎರಡು ಮೋಲ್ ಹೈಡ್ರೋಜನ್ ಅನ್ನೋ ಮಾತಿಗೆ ಅದು ತಾಳೆಯಾದದ್ದು ಸುಮ್ನೆ ಕಾಕತಾಳೀಯ. ಅದನ್ನೇ ಮೊದಲು ಬಿಡಿಸೋಣ, ಯಾಕಂದ್ರೆ ಸೂತ್ರ ಎಲ್ಲಿಂದ ಬಂತು ಅನ್ನುವುದು ಅಲ್ಲಿಯೇ ಗೊತ್ತಾಗುತ್ತದೆ.

ಉಂಗುರವೂ ಡಬಲ್ ಬಾಂಡೂ ಇಲ್ಲದ ಹೈಡ್ರೋಕಾರ್ಬನ್ ತಗೊಳ್ಳಿ. ಸರಪಳಿಯ ಪ್ರತಿ ಕಾರ್ಬನ್ನಿಗೂ ಎರಡು ಹೈಡ್ರೋಜನ್. ಜೊತೆಗೆ ಎರಡು ತುದಿಗಳಿಗೆ ಒಂದೊಂದು ಹೆಚ್ಚಿಗೆ. ಹಾಗಾಗಿ n ಕಾರ್ಬನ್ ಇದ್ದರೆ 2n + 2 ಹೈಡ್ರೋಜನ್. ಸರಪಳಿ ಕವಲೊಡೆದರೂ ಈ ಲೆಕ್ಕ ಬದಲಾಗುವುದಿಲ್ಲ. ಹತ್ತು ಕಾರ್ಬನ್ನಿಗೆ 22 ಬೇಕು. ನಿಮ್ಮ ಹತ್ತಿರ ಇರುವುದು 16. ಕೊರತೆ ಆರು, ಅಂದರೆ ಮೂರು ಜೋಡಿ. ಆ ಮೂರೇ ನಿಮ್ಮ 3. ಸೂತ್ರವಾಗಿ ಬರೆದರೆ C − H/2 + 1.

ಆ ಕೊನೆಯ 1 ಇದೆಯಲ್ಲ, ಅದು ಆ ಎರಡು ತುದಿಗಳ ಲೆಕ್ಕ. ಒಂದು ಅಣುವಿಗೆ ಅದು ಒಂದೇ ಸಲ ಬರಬೇಕು. C₅H₈ ಅಂತ ಚಿಕ್ಕದು ಮಾಡಿದಾಗ ಅಣುವಿನ ಅರ್ಧ ಭಾಗಕ್ಕೇ ಪೂರ್ತಿ 1 ಕೊಟ್ಟ ಹಾಗಾಯಿತು. 5 − 4 + 1 = 2. ಇದನ್ನು ಎರಡರಿಂದ ಗುಣಿಸಿದರೂ 4 ಬರುತ್ತದೆಯೇ ಹೊರತು 3 ಬರುವುದಿಲ್ಲ. C₅H₈ಗೆ 2 ಅನ್ನುವುದು ಐಸೊಪ್ರೀನಿನಂಥ ಬೇರೆಯೇ ವಸ್ತುವಿನ ಉತ್ತರ. ಕಾರ್ಬನ್, ಹೈಡ್ರೋಜನ್ ಶೇಕಡಾವಾರು ಕೊಟ್ಟು ಲೆಕ್ಕ ಮಾಡಿಸುವಾಗ ಸಿಗುವುದು ಈ ಸಣ್ಣ ಸೂತ್ರವೇ. ಅಣುತೂಕ 136 ಅಂತ ಗೊತ್ತಾದ ಮೇಲಷ್ಟೇ ಅದು C₁₀H₁₆ ಆಗುತ್ತದೆ. ಆ ಹೆಜ್ಜೆ ದಾಟುವ ತನಕ ಅನ್‌ಸ್ಯಾಚುರೇಷನ್ ಲೆಕ್ಕಕ್ಕೆ ಕೈ ಹಾಕಬೇಡಿ.

ಈಗ ಉಂಗುರದ ವಿಷಯ. ಹೆಕ್ಸೇನಿನ ಆರು ಕಾರ್ಬನ್ನಿನ ಸರಪಳಿಯನ್ನು ಬಗ್ಗಿಸಿ ಎರಡು ತುದಿಗಳನ್ನು ಕೂಡಿಸಬೇಕು ಅಂದುಕೊಳ್ಳಿ. ಎರಡೂ ತುದಿಗಳು ಹೊಸ ಬಾಂಡಿಗಾಗಿ ಒಂದೊಂದು ಹೈಡ್ರೋಜನ್ ಬಿಟ್ಟುಕೊಡಬೇಕು. C₆H₁₄ ಹೋಗಿ C₆H₁₂ ಆಗುತ್ತದೆ, ಸೈಕ್ಲೊಹೆಕ್ಸೇನ್. ಅದೇ ಸರಪಳಿಯಲ್ಲಿ ಅಕ್ಕಪಕ್ಕದ ಎರಡು ಕಾರ್ಬನ್‌ಗಳು ಒಂದೊಂದು ಹೈಡ್ರೋಜನ್ ಬಿಟ್ಟು ತಮ್ಮೊಳಗೆ ಇನ್ನೊಂದು ಬಾಂಡ್ ಹಾಕಿಕೊಂಡರೆ ಹೆಕ್ಸೀನ್. ಅದೂ C₆H₁₂. ಹೈಡ್ರೋಜನ್ ಎಣಿಸಿದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಅಣುಸೂತ್ರ ಹೇಳುವುದು ಎಷ್ಟು ಜೋಡಿ ಕಮ್ಮಿ ಅಂತ ಮಾತ್ರ. ಯಾವ ಕಾರಣಕ್ಕೆ ಕಮ್ಮಿ ಅನ್ನುವುದನ್ನು ಅದು ಹೇಳಲಾರದು. ಟ್ರಿಪಲ್ ಬಾಂಡ್ ಇದ್ದರೆ ಒಂದೇ ಜಾಗದಲ್ಲಿ ಎರಡು ಜೋಡಿ ಕಮ್ಮಿಯಾಗುತ್ತದೆ, ಹಾಗಾಗಿ ಅದಕ್ಕೆ 2.

19ನೇ ಶತಮಾನದ ಕೆಮಿಸ್ಟರಿಗೂ C₁₀H₁₆ ದೊಡ್ಡ ತಲೆನೋವಾಗಿತ್ತು. ಬೇರೆ ಬೇರೆ ಗಿಡದ ಎಣ್ಣೆಗಳಿಂದ ಇದೇ ಸೂತ್ರದ ದ್ರವಗಳು ಸಿಗುತ್ತಿದ್ದವು, ಪ್ರತಿಯೊಂದಕ್ಕೂ ಒಂದೊಂದು ಹೆಸರು. ಅವುಗಳಲ್ಲಿ ಯಾವುದು ನಿಜವಾಗಿ ಬೇರೆ, ಯಾವುದು ಒಂದೇ ಅಂತ ಬಿಡಿಸಿ ತೋರಿಸಿದವರಲ್ಲಿ ಜರ್ಮನಿಯ ಆಟೊ ವಾಲಾಕ್ ಮುಖ್ಯರು. 1910ರ ನೊಬೆಲ್ ಅವರಿಗೆ ಬಂದದ್ದು ಇಂಥ ಉಂಗುರದ ವಸ್ತುಗಳ ಕೆಲಸಕ್ಕೇ.

ಮೂರು ಉದಾಹರಣೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೂರೂ C₁₀H₁₆, ಮೂರಕ್ಕೂ 3. ಮಿರ್ಸೀನಿಗೆ ಹೈಡ್ರೋಜನ್ ಕೂಡಿಸಿದರೆ ಮೂರು ಮೋಲ್ ಹಿಡಿದು C₁₀H₂₂ ಆಗುತ್ತದೆ. ಇದರ ಲೆಕ್ಕ ಹಾಕಿದರೆ ಸೊನ್ನೆ, ಅಂದರೆ ಉಂಗುರವಿಲ್ಲ. ಲಿಮೊನೀನ್ ಎರಡು ಮೋಲ್ ಹಿಡಿದು C₁₀H₂₀ಗೆ ನಿಲ್ಲುತ್ತದೆ. ಇದರ ಲೆಕ್ಕ 1, ಉಳಿದದ್ದು ಒಂದು ಉಂಗುರ. ಟರ್ಪೆಂಟೈನ್‌ನ ಆಲ್ಫಾ ಪೈನೀನ್ ಒಂದೇ ಮೋಲ್ ಹಿಡಿದು C₁₀H₁₈ ಆಗುತ್ತದೆ. ಇದರ ಲೆಕ್ಕ 2, ಎರಡು ಉಂಗುರ. ಹೈಡ್ರೋಜನ್ ಹೋಗಿ ಕೂರುವುದು ಡಬಲ್ ಬಾಂಡಿನ ಮೇಲೆ. ಸಾಮಾನ್ಯ ಉಂಗುರವನ್ನು ಅದು ಒಡೆಯುವುದಿಲ್ಲ. ಹಾಗಾಗಿ ಮೊದಲಿನ 3ರಲ್ಲಿ, ಹಿಡಿದ ಮೋಲ್‌ಗಳನ್ನು ಕಳೆದರೆ ಉಂಗುರಗಳು ಉಳಿಯುತ್ತವೆ. ನಿಮಗೆ ಕೊಟ್ಟ "ಎರಡೇ ಮೋಲ್" ಅನ್ನುವ ಮಾಹಿತಿಯ ಉಪಯೋಗ ಇದೇ. ಅದು 3 ತಪ್ಪು ಅನ್ನುತ್ತಿಲ್ಲ. 3ನ್ನು 2 ಮತ್ತು 1 ಆಗಿ ಒಡೆದು ಕೊಡುತ್ತಿದೆ.

ಪೈನೀನಿನ ಚಿತ್ರ ನೋಡಿದವರು ಮೂರು ಉಂಗುರ ಎಣಿಸುವುದುಂಟು. ನಾಲ್ಕು ಕಾರ್ಬನ್ನಿನದೊಂದು, ಆರರದ್ದು ಎರಡು ಕಣ್ಣಿಗೆ ಕಾಣುತ್ತವೆ. ನಮ್ಮ ಲೆಕ್ಕಕ್ಕೆ ಬೇಕಾದ ಎಣಿಕೆ ಅದಲ್ಲ. ದಾರದ ಕುಣಿಕೆಯನ್ನು ಕತ್ತರಿಸುವ ಹಾಗೆ ಬಾಂಡ್‌ಗಳನ್ನು ಕತ್ತರಿಸುತ್ತಾ ಹೋಗಿ. ಅಣು ಎರಡು ತುಂಡಾಗದೆ, ಒಂದೂ ಕುಣಿಕೆ ಉಳಿಯದೆ, ಪೂರ್ತಿ ಬಿಚ್ಚಿಕೊಳ್ಳಲು ಎಷ್ಟು ಕಡೆ ಕತ್ತರಿಸಬೇಕಾಯಿತೋ ಅಷ್ಟೇ ಉಂಗುರ. ಪೈನೀನಿಗೆ ಎರಡು ಕಡೆ ಸಾಕು.

ಪುಸ್ತಕದಲ್ಲಿ ಇದು ಇಷ್ಟು ಸಲೀಸು. ಲ್ಯಾಬಿನಲ್ಲಿ ನೀವೇ ಹೈಡ್ರೋಜನ್ ಅಳೆಯಲು ಹೊರಟರೆ ಬೆಂಗಳೂರಿನಲ್ಲಿ ಒಂದು ತೊಡಕಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

1.36 ಗ್ರಾಂ ಲಿಮೊನೀನ್ ತಗೊಂಡಿರಿ ಅನ್ನಿ, ಅಂದರೆ 0.01 ಮೋಲ್. ಅದು 0.02 ಮೋಲ್ ಹೈಡ್ರೋಜನ್ ಹಿಡಿಯಬೇಕು. ಒಂದು ಮೋಲಿಗೆ 22.4 ಲೀಟರ್ ಅಂತ ಬಾಯಿಪಾಠ ಇರುತ್ತದಲ್ಲ, ಆ ಪ್ರಕಾರ 448 ಮಿ.ಲೀ. ಆದರೆ ಆ 22.4 ಸೊನ್ನೆ ಡಿಗ್ರಿಗೆ, ಒಂದು ವಾತಾವರಣದ ಒತ್ತಡಕ್ಕೆ. ಕೋಣೆ 27 ಡಿಗ್ರಿ ಇದ್ದರೆ ಒಂದು ಮೋಲ್ ಅನಿಲಕ್ಕೆ 24.6 ಲೀಟರ್ ಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಸುಮಾರು 0.9 ವಾತಾವರಣ. ಆಗ ಅದೇ ಮೋಲ್ 27 ಲೀಟರ್ ದಾಟುತ್ತದೆ. ಹೈಡ್ರೋಜನ್ನನ್ನು ನೀರಿನ ಮೇಲೆ ಹಿಡಿದಿದ್ದರೆ ನೀರಿನ ಆವಿಯ ಪಾಲೂ ಸೇರಿಕೊಳ್ಳುತ್ತದೆ, 27 ಡಿಗ್ರಿಗೆ ಸುಮಾರು 27 ಮಿ.ಮೀ. ಪಾದರಸದಷ್ಟು. ಎಲ್ಲ ಸೇರಿ ನಿಮ್ಮ ಬ್ಯುರೆಟ್ಟಿನಲ್ಲಿ ಕಮ್ಮಿಯಾಗುವುದು 448 ಅಲ್ಲ, ಸುಮಾರು 570 ಮಿ.ಲೀ.

ಈಗ ಈ 570ನ್ನು ಗೊತ್ತಿಲ್ಲದೆ 22.4ರ ಲೆಕ್ಕಕ್ಕೆ ಹಾಕಿ. ಒಂದು ಮೋಲ್ ಲಿಮೊನೀನಿಗೆ 2.5 ಮೋಲ್ ಹೈಡ್ರೋಜನ್ ಅಂತ ಬರುತ್ತದೆ. ಅದು ಎರಡೂ ಅಲ್ಲ, ಮೂರೂ ಅಲ್ಲ. ಅನ್‌ಸ್ಯಾಚುರೇಷನ್ 3 ಅಂತ ಮೊದಲೇ ತಲೆಯಲ್ಲಿ ಇದ್ದವರು ಅದನ್ನು 3ಕ್ಕೆ ತಳ್ಳಿಬಿಡುತ್ತಾರೆ, ಉಂಗುರ ಮಾಯವಾಗುತ್ತದೆ. ತಿದ್ದುಪಡಿ ಮಾಡಿದರೆ ನೆಟ್ಟಗೆ 2 ಬರುತ್ತದೆ. ಆದ್ದರಿಂದ ಆ ದಿನದ ಉಷ್ಣತೆ, ಬ್ಯಾರೋಮೀಟರ್ ಎರಡನ್ನೂ ರೆಕಾರ್ಡಿನಲ್ಲಿ ಬರೆದುಕೊಳ್ಳಿ. ಇನ್ನೊಂದು, ಕ್ಯಾಟಲಿಸ್ಟಾಗಿ ಹಾಕುವ, ಪಲ್ಲಾಡಿಯಂ ಇರುವ ಇದ್ದಿಲು ತಾನೂ ಸ್ವಲ್ಪ ಹೈಡ್ರೋಜನ್ ಹೀರುತ್ತದೆ. ಎಣ್ಣೆ ಹಾಕುವ ಮೊದಲೇ ಕ್ಯಾಟಲಿಸ್ಟಿಗೆ ಹೈಡ್ರೋಜನ್ ಕುಡಿಸಿ, ಬ್ಯುರೆಟ್ಟಿನ ಮಟ್ಟ ನಿಂತ ಮೇಲೆ ಎಣ್ಣೆ ಹಾಕಬೇಕು.

ಅಪಾಯದ ಮಾತನ್ನೂ ಹೇಳಬೇಕು. ಹೈಡ್ರೋಜನ್ ಹೀರಿದ ಪಲ್ಲಾಡಿಯಂ ಇದ್ದಿಲು ಒಣಗಿ ಗಾಳಿಗೆ ತೆರೆದುಕೊಂಡರೆ ತಾನಾಗಿಯೇ ಹತ್ತಿಕೊಳ್ಳಬಹುದು. ಪಕ್ಕದಲ್ಲಿ ದ್ರಾವಕವಾಗಿ ಬಳಸಿದ ಆಲ್ಕೋಹಾಲಿನ ಆವಿ ಇರುತ್ತದೆ. ಸೋಸುವಾಗ ಫಿಲ್ಟರ್ ಕಾಗದದ ಮೇಲಿನ ಪುಡಿ ಒದ್ದೆಯಾಗಿಯೇ ಇರಬೇಕು, ಆಮೇಲೆ ನೀರಿನಲ್ಲಿ ಮುಳುಗಿಸಿಡಬೇಕು, ಕಸದ ಬುಟ್ಟಿಗೆ ಎಸೆಯಲೇಬಾರದು. ಮೇಲ್ವಿಚಾರಕರಿಲ್ಲದೆ ಇದನ್ನು ಮಾಡಬೇಡಿ.

ಹಾಗಾದರೆ ಸುಲಭಕ್ಕೆ ಬ್ರೋಮಿನ್ ಇದೆಯಲ್ಲ ಅಂತ ಕೇಳಬಹುದು. ಬಣ್ಣ ಹೋಯಿತಾ ಇಲ್ಲವಾ ಅನ್ನುವ ಮಟ್ಟಿಗೆ ಅದು ಸರಿ. ಎಷ್ಟು ಡಬಲ್ ಬಾಂಡ್ ಅಂತ ಎಣಿಸಲು ಈ ಎಣ್ಣೆಗಳಲ್ಲಿ ಅದನ್ನು ನಂಬುವುದು ಕಷ್ಟ. ಪೈನೀನಿಗೆ ಬ್ರೋಮಿನ್ ಹಾಕಿದಾಗ ಅದರ ನಾಲ್ಕರ ಉಂಗುರವೇ ಅಲುಗಾಡಿ ಚೌಕಟ್ಟು ಬದಲಾಗುತ್ತದೆ. ಆಮ್ಲ ಸೋಕಿದರೂ ಅಷ್ಟೇ, ಪೈನೀನಿನ ಒಂದು ಪಾಲು ಲಿಮೊನೀನ್ ಆಗಿಬಿಡುತ್ತದೆ. ಅಂದರೆ ಒಂದು ಉಂಗುರ ಹೋಗಿ ಒಂದು ಡಬಲ್ ಬಾಂಡ್ ಬಂತು. ಒಟ್ಟು 3 ಹಾಗೇ ಇರುತ್ತದೆ, ಒಳಗಿನ ಪಾಲು ಮಾತ್ರ ಬದಲಾಗಿರುತ್ತದೆ. ಬಿಗಿದು ಕೂತ ಮೂರರ, ನಾಲ್ಕರ ಉಂಗುರಗಳ ವಿಷಯದಲ್ಲಿ "ಉಂಗುರ ಒಡೆಯುವುದಿಲ್ಲ" ಅನ್ನುವ ಮಾತನ್ನು ಎಚ್ಚರದಿಂದ ಬಳಸಿ.

ನನ್ನನ್ನು ಕೇಳಿದರೆ, ನಿಮಗೆ ಕಾರ್ಬನ್ ಎನ್‌ಎಂಆರ್ ಸಿಗುವ ಹಾಗಿದ್ದರೆ ಅದನ್ನೇ ಮಾಡಿಸಿ. ಎಣ್ಣೆ ಹಾಳಾಗುವುದಿಲ್ಲ, ಬೆಂಕಿಯ ಭಯವಿಲ್ಲ, ಎಣಿಕೆ ನೇರ. ಡಬಲ್ ಬಾಂಡಿನ ಕಾರ್ಬನ್‌ಗಳು ಸುಮಾರು 100ರಿಂದ 150 ಪಿಪಿಎಂ ನಡುವೆ ಕಾಣುತ್ತವೆ. ಲಿಮೊನೀನಿಗೆ ಅಲ್ಲಿ ನಾಲ್ಕು ಗೆರೆಗಳು, ಸುಮಾರು 108, 121, 134, 150ರಲ್ಲಿ. ಒಂದು ಡಬಲ್ ಬಾಂಡಿಗೆ ಎರಡು ಕಾರ್ಬನ್, ಆದ್ದರಿಂದ ಎರಡು ಡಬಲ್ ಬಾಂಡ್. 3ರಲ್ಲಿ 2 ಹೋದರೆ ಉಂಗುರ 1. ಪೈನೀನಿಗೆ ಅಲ್ಲಿ ಎರಡೇ ಗೆರೆ, ಮಿರ್ಸೀನಿಗೆ ಆರು. ನೋಡಬೇಕಾದದ್ದು ಇಷ್ಟೇ: ಅಣುವಿನಲ್ಲಿ ಸಮಾನ ಜಾಗದ ಕಾರ್ಬನ್‌ಗಳಿದ್ದರೆ ಎರಡು ಕಾರ್ಬನ್ ಒಂದೇ ಗೆರೆಯಾಗಿ ಕಾಣುತ್ತವೆ, ಎಣಿಕೆ ಕಮ್ಮಿ ಬರುತ್ತದೆ. ಒಟ್ಟು ಗೆರೆ ಹತ್ತು ಇದೆಯಾ ಅಂತ ಮೊದಲು ನೋಡಿಕೊಂಡರೆ ಈ ಗೊಂದಲ ಇರುವುದಿಲ್ಲ. ನಿಮ್ಮ ಕಿತ್ತಳೆ ಎಣ್ಣೆಯಲ್ಲಿ ಮಿರ್ಸೀನೂ ಸ್ವಲ್ಪ ಇರುತ್ತದೆ. ಹಾಗಾಗಿ ಸಣ್ಣ ಸಣ್ಣ ಹೆಚ್ಚುವರಿ ಗೆರೆ ಕಂಡರೆ ಗಾಬರಿಯಾಗಬೇಡಿ.

ಬೆಂಜೀನಿನ ಪ್ರಶ್ನೆಗೆ ಬರೋಣ. ಬೆಂಜೀನ್ ಉಂಗುರಕ್ಕೆ 4 ಬೇಕು, ಉಂಗುರಕ್ಕೆ ಒಂದು, ಡಬಲ್ ಬಾಂಡಿಗೆ ಮೂರು. ಹಾಗಾಗಿ 4ಕ್ಕಿಂತ ಕಮ್ಮಿ ಬಂದರೆ ಬೆಂಜೀನ್ ಇಲ್ಲ ಅಂತ ಖಚಿತವಾಗಿ ಹೇಳಬಹುದು. 4 ಅಥವಾ ಜಾಸ್ತಿ ಬಂದರೆ ಇರಬಹುದು ಅಂತ ಅನುಮಾನಿಸಬಹುದು, ಅಷ್ಟೇ. ಇದಕ್ಕೆ ಅಡುಗೆಮನೆಯಲ್ಲೇ ಒಳ್ಳೆಯ ಜೋಡಿ ಇದೆ. ಓಂಕಾಳಿನ ಘಾಟಿಗೆ ಕಾರಣ ಥೈಮಾಲ್, C₁₀H₁₄O. ಸಬ್ಬಸಿಗೆ ಬೀಜದ ವಾಸನೆಗೆ ಕಾರಣ ಕಾರ್ವೋನ್, ಅದೂ C₁₀H₁₄O. ಎರಡಕ್ಕೂ 10 − 7 + 1 = 4. ಥೈಮಾಲಿನಲ್ಲಿ ಬೆಂಜೀನ್ ಉಂಗುರ ಇದೆ, ನಾಲ್ಕೂ ಅಲ್ಲೇ ಮುಗಿದವು. ಕಾರ್ವೋನಿನಲ್ಲಿ ಬೆಂಜೀನೇ ಇಲ್ಲ. ಲಿಮೊನೀನಿನ ಹಾಗೆ ಒಂದು ಉಂಗುರ, ಎರಡು ಡಬಲ್ ಬಾಂಡ್, ಜೊತೆಗೆ ಒಂದು C=O.

ಈ ಎರಡನ್ನು ಬ್ರೋಮಿನ್ ನೀರಿನಿಂದ ಬೇರ್ಪಡಿಸಲು ಹೋದರೆ ಸೋಲುತ್ತೀರಿ. ಎರಡೂ ಬಣ್ಣ ಕಳೆಯುತ್ತವೆ, ಥೈಮಾಲ್ ಫೀನಾಲ್ ಆಗಿರುವುದರಿಂದ, ಕಾರ್ವೋನ್ ಡಬಲ್ ಬಾಂಡಿನಿಂದ. ಅದರ ಬದಲು 2,4-ಡಿಎನ್‌ಪಿ ಹಾಕಿ. ಕಾರ್ವೋನ್ ಕಿತ್ತಳೆ, ಕೆಂಪು ಬಣ್ಣದ ಗಸಿ ಕೊಡುತ್ತದೆ, ಥೈಮಾಲ್ ಕೊಡುವುದಿಲ್ಲ. ಥೈಮಾಲ್ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕರಗುತ್ತದೆ, ಕಾರ್ವೋನ್ ಕರಗುವುದಿಲ್ಲ. C=O ಕೂಡ ಈ ಲೆಕ್ಕದಲ್ಲಿ ಒಂದು ಪಾಲು ಅನ್ನುವುದನ್ನು ಮರೆಯಬೇಡಿ. ಅದು C=C ಅಷ್ಟು ಸುಲಭವಾಗಿ ಹೈಡ್ರೋಜನ್ ಹಿಡಿಯುವುದಿಲ್ಲ. ಹಾಗಾಗಿ ಆಕ್ಸಿಜನ್ ಇರುವ ಅಣುವಿನಲ್ಲಿ ಹೈಡ್ರೋಜನ್ ಕಳೆದು ಉಳಿದದ್ದೆಲ್ಲಾ ಉಂಗುರ ಅಂತ ಬರೆದುಬಿಡಬೇಡಿ.

ಆದರೂ ಆಕ್ಸಿಜನ್ ಸೂತ್ರದಲ್ಲಿ ಬರುವುದಿಲ್ಲ, ಯಾಕೆ? ಅದಕ್ಕೆ ಎರಡು ಬಾಂಡ್. C–H ಅಥವಾ C–C ನಡುವೆ ತೂರಿಸಿದರೆ ಆ ಕಡೆ ಒಂದು, ಈ ಕಡೆ ಒಂದು ಹಿಡಿದು ಕೂರುತ್ತದೆ. ಹೈಡ್ರೋಜನ್ ಎಣಿಕೆ ಬದಲಾಗುವುದಿಲ್ಲ. ಈಥೇನ್ C₂H₆, ಎಥನಾಲ್ C₂H₆O. ನೈಟ್ರೋಜನ್ನಿಗೆ ಮೂರು ಬಾಂಡ್. ಅದೇ ರೀತಿ ತೂರಿಸಿದರೆ ಒಂದು ಕೈ ಖಾಲಿ ಉಳಿಯುತ್ತದೆ, ಅಲ್ಲಿ ಒಂದು ಹೈಡ್ರೋಜನ್ ಬರುತ್ತದೆ. ಈಥೈಲ್ ಅಮೀನ್ C₂H₇N. ಪೂರ್ತಿ ತುಂಬಿದ ಅಣುವಿಗೇ ಪ್ರತಿ ನೈಟ್ರೋಜನ್ನಿಗೆ ಒಂದು ಹೈಡ್ರೋಜನ್ ಜಾಸ್ತಿ ಬೇಕು, ಅದಕ್ಕೇ N/2 ಕೂಡಿಸುವುದು. ಕ್ಲೋರಿನ್, ಬ್ರೋಮಿನ್ ಹೈಡ್ರೋಜನ್ನಿನ ಜಾಗದಲ್ಲೇ ಕೂರುತ್ತವೆ, ಅವನ್ನು ಹೈಡ್ರೋಜನ್ ಜೊತೆಗೇ ಎಣಿಸಿ. ಒಟ್ಟಿಗೆ ಬರೆದರೆ ಹೀಗೆ, X ಅಂದರೆ ಹ್ಯಾಲೋಜನ್:

```
C − (H + X)/2 + N/2 + 1
```

ಕಾಫಿಯ ಕೆಫೀನ್ ಮೇಲೆ ಒಮ್ಮೆ ಕೈಯಾಡಿಸಿ ನೋಡಿ. C₈H₁₀N₄O₂. 8 − 5 + 2 + 1 = 6. ಚಿತ್ರದಲ್ಲಿ ಉಂಗುರ ಎರಡು, C=O ಎರಡು, C=C ಒಂದು, C=N ಒಂದು. ನೈಟ್ರೋಜನ್ ಕೂಡಿಸುವುದು ಮರೆತಿದ್ದರೆ 4 ಬರುತ್ತಿತ್ತು, ಬೆಂಜೀನ್ ಅಂತ ಬರೆಯುವ ಆಸೆಯೂ ಬರುತ್ತಿತ್ತು.

ಒಂದು ಮಿತಿ ಇದೆ. ಸೂತ್ರ ಗಂಧಕಕ್ಕೆ ಎರಡೇ ಬಾಂಡ್ ಅಂದುಕೊಳ್ಳುತ್ತದೆ. ಡೈಮೀಥೈಲ್ ಸಲ್ಫಾಕ್ಸೈಡ್ C₂H₆OS ಲೆಕ್ಕಕ್ಕೆ ಸೊನ್ನೆ ಬರುತ್ತದೆ, ಪುಸ್ತಕದಲ್ಲಿ S=O ಅಂತ ಬರೆದಿದ್ದರೂ. ಗಂಧಕ, ರಂಜಕ ಕಂಡಾಗ ಆ ಡಬಲ್ ಗೆರೆಗಳನ್ನು ಎಣಿಕೆಗೆ ಹಿಡಿಯಬೇಡಿ.

ಉತ್ತರ ವಿಚಿತ್ರವಾಗಿ ಬಂದರೆ ಅದೂ ಒಂದು ಸುದ್ದಿಯೇ. ಅರ್ಧ ಬಂದರೆ ಒಂದೋ ಹೈಡ್ರೋಜನ್ ಎಣಿಕೆ ತಪ್ಪಿದೆ, ಇಲ್ಲಾ ನೀವು ಹಾಕಿದ್ದು ಪೂರ್ತಿ ಅಣುವಿನ ಸೂತ್ರವಲ್ಲ. ಮಾಸ್ ಸ್ಪೆಕ್ಟ್ರಂನಲ್ಲಿ ಲಿಮೊನೀನಿಗೆ ಒಂದು ಪ್ರೋಟಾನ್ ಸೇರಿ C₁₀H₁₇⁺ ಕಂಡರೆ 2.5 ಬರುತ್ತದೆ. ಆ ಪ್ರೋಟಾನ್ ತೆಗೆದು ಲೆಕ್ಕ ಹಾಕಿ. ಮೈನಸ್ ಬಂದರೆ ಒಂದೇ ಸೂತ್ರದಲ್ಲಿ ಎರಡು ವಸ್ತು ಸೇರಿಕೊಂಡಿರುತ್ತವೆ. ಈಥೈಲ್ ಅಮೀನ್ ಹೈಡ್ರೋಕ್ಲೋರೈಡ್ C₂H₈NCl ಹಾಕಿ ನೋಡಿ, −1. HCl ಬೇರೆ ಮಾಡಿದರೆ ಸೊನ್ನೆ. ಹರಳಿನ ನೀರು ಇದಕ್ಕಿಂತ ಮೋಸಗಾರ, ಯಾಕಂದ್ರೆ ಉತ್ತರ ಸಹಜವಾಗಿಯೇ ಕಾಣುತ್ತದೆ. ಗ್ಲೂಕೋಸ್ C₆H₁₂O₆ಗೆ 1. ನೀರಿನ ಜೊತೆಗಿನ ಹರಳು C₆H₁₄O₇ ಅಂತ ಹಾಕಿದರೆ 0, ಉಂಗುರ ಕಾಣೆಯಾಯಿತು.

ಈಗ ನಿಮ್ಮ ರೆಕಾರ್ಡಿಗೆ ಬರೋಣ. ಒಂದು ಉಂಗುರ, ಎರಡು ಡಬಲ್ ಬಾಂಡ್ ಅಂತ ಗೊತ್ತಾದರೂ ಅದು ಲಿಮೊನೀನೇ ಅಂತ ಇನ್ನೂ ಸಾಬೀತಾಗಿಲ್ಲ. ಆಲ್ಫಾ ಟರ್ಪಿನೀನ್, ಗಾಮಾ ಟರ್ಪಿನೀನ್, ಟರ್ಪಿನೊಲೀನ್ ಮೂರೂ C₁₀H₁₆, ಮೂರೂ ಎರಡೇ ಮೋಲ್ ಹೈಡ್ರೋಜನ್ ಹಿಡಿದು ಅದೇ C₁₀H₂₀ಗೆ ಹೋಗುತ್ತವೆ. ಇವನ್ನು ಬೇರ್ಪಡಿಸಲು ಎರಡು ಗುರುತು ಸಾಕು. ಲಿಮೊನೀನ್ ಧ್ರುವೀಕರಿಸಿದ ಬೆಳಕಿನ ಸಮತಲವನ್ನು ತಿರುಗಿಸುತ್ತದೆ, ಕಿತ್ತಳೆಯದ್ದು ಬಲಕ್ಕೆ. ಆ ಮೂರೂ ತಿರುಗಿಸುವುದಿಲ್ಲ. ಎರಡನೆಯದು, ಹೈಡ್ರೋಜನ್ ಎನ್‌ಎಂಆರ್‌ನಲ್ಲಿ 4.7 ಪಿಪಿಎಂ ಹತ್ತಿರ ಎರಡು ಹೈಡ್ರೋಜನ್, 5.4 ಹತ್ತಿರ ಒಂದು. 4.7ರದ್ದು ತುದಿಯ =CH₂. ಟರ್ಪಿನೀನ್‌ಗಳಲ್ಲೂ ಟರ್ಪಿನೊಲೀನ್‌ನಲ್ಲೂ ಅಂಥ ತುದಿಯೇ ಇಲ್ಲ. ಇಷ್ಟು ಬರೆದು ಪಕ್ಕದಲ್ಲಿ ಲಿಮೊನೀನಿನ ಚಿತ್ರ ಬಿಡಿಸಿ: ಆರರ ಉಂಗುರ, ಉಂಗುರದೊಳಗೆ ಮೀಥೈಲ್ ಹೊತ್ತ ಒಂದು ಡಬಲ್ ಬಾಂಡ್, ಎದುರು ಮೂಲೆಯಿಂದ ಹೊರಟ ಮೂರು ಕಾರ್ಬನ್ನಿನ ಕವಲಿನಲ್ಲಿ ಇನ್ನೊಂದು.